ಠರಾವು ಪುಸ್ತಕದಲ್ಲಿ ನಿಮ್ಮ ಹಾಲಿನ ಹಣ: ದರ, ಬೋನಸ್, ಸಂಬಳದ ಲೆಕ್ಕ ಓದುವ ಬಗೆ



ನವಲಗುಂದ ಭಾಗದ ಹಳ್ಳಿಗಳಿಗೆ ಎಮ್ಮೆ ಗರ್ಭ ಪರೀಕ್ಷೆಗೋ ಕೆಚ್ಚಲು ಬಾವಿನ ಚಿಕಿತ್ಸೆಗೋ ಹೋದಾಗ, ದನದ ಮಾತು ಮುಗಿದ ಮೇಲೆ ನೀವು ಕೇಳುವ ಪ್ರಶ್ನೆ ಒಂದೇ: "ಡಾಕ್ಟರ್ರ, ರೇಟ್ ಏರೇತಿ ಅಂತಾರ, ನಮ್ಮ ಬಟವಾಡಿಯೊಳಗ ಯಾಕ ಅಷ್ಟ ಕಾಣವಲ್ದು?" ಇದಕ್ಕೆ ಅರ್ಧ ಉತ್ತರ ನಿಮ್ಮ ಕೊಟ್ಟಿಗೆಯಲ್ಲಿದೆ. ಇನ್ನರ್ಧ ನಿಮ್ಮ ಸಂಘದ ಕಪಾಟಿನಲ್ಲಿರುವ ಠರಾವು ಪುಸ್ತಕದಲ್ಲಿದೆ. ಆಡಳಿತ ಮಂಡಳಿ ಸಭೆಯ ನಡವಳಿಯನ್ನು ಬರೆದಿಡುವ ಪುಸ್ತಕ ಅದು. ಹಾಲಿನ ದರ, ವರ್ಷದ ಬೋನಸ್, ಸಿಬ್ಬಂದಿಯ ಸಂಬಳ ಎಂಬ ಮೂರು ವಿಷಯಗಳು ಅದರಲ್ಲಿ ಬೇರೆ ಬೇರೆ ಠರಾವುಗಳಾಗಿ ಕಾಣುತ್ತವೆ. ನಿಜವಾಗಿ ಮೂರೂ ಒಂದೇ ಕೊಡದ ನೀರು. ಒಂದು ಕಡೆ ಹೆಚ್ಚು ಸುರಿದರೆ ಇನ್ನೊಂದು ಕಡೆ ಕಡಿಮೆಯಾಗುತ್ತದೆ. ಆ ಲೆಕ್ಕವನ್ನು ಓದುವುದು ಹೇಗೆಂದು ಈ ಸಲ ನೋಡೋಣ.

ಠರಾವು ಎಂದರೆ ಏನಿರಬೇಕು

ಆಡಳಿತ ಮಂಡಳಿ ಸಭೆಯ ನಡವಳಿಗೆ ಒಂದು ಕ್ರಮವಿದೆ. ಮೊದಲು ಸಭೆಯ ದಿನಾಂಕ, ಸಮಯ, ಸ್ಥಳ, ಹಾಜರಾದವರ ಹೆಸರು ಮತ್ತು ಸಹಿ ಇರುತ್ತದೆ. ಆಮೇಲೆ ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸಿದ ವಿಷಯ ಬರುತ್ತದೆ. ನಂತರ ವಿಷಯ ಸೂಚಿಯ ಪ್ರಕಾರ ಒಂದೊಂದೇ ವಿಷಯ, ಅದರ ಕೆಳಗೆ ಠರಾವು, ಸೂಚಿಸಿದವರು, ಅನುಮೋದಿಸಿದವರು. ಕೊನೆಗೆ ಅಧ್ಯಕ್ಷರ ಸಹಿ. ಉಪವಿಧಿಯಲ್ಲಿ ಹೇಳಿದಷ್ಟು ಸದಸ್ಯರು ಬಾರದಿದ್ದರೆ, ಅಂದರೆ ಕೋರಂ ಆಗದಿದ್ದರೆ, ಅಂದು ಠರಾವು ಮಾಡುವಂತಿಲ್ಲ.

ಒಂದು ಠರಾವು ಸರಿಯಾಗಿದೆಯೇ ಎಂದು ತಿಳಿಯಲು ಕಾನೂನು ಓದಿರಬೇಕಾಗಿಲ್ಲ. ಎಷ್ಟು, ಯಾವತ್ತಿನಿಂದ, ಯಾರಿಗೆ, ಯಾವ ಹಣದಿಂದ ಎಂಬ ನಾಲ್ಕು ಮಾತಿಗೆ ಅದರಲ್ಲಿ ಉತ್ತರ ಸಿಗಬೇಕು, ಅಷ್ಟೇ. "ಹಾಲಿನ ದರದ ಬಗ್ಗೆ ಚರ್ಚಿಸಿ ಸೂಕ್ತ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ಠರಾಯಿಸಲಾಯಿತು" ಎಂದು ಬರೆದರೆ ನಾಲ್ಕರಲ್ಲಿ ಒಂದಕ್ಕೂ ಉತ್ತರ ಸಿಗುವುದಿಲ್ಲ. ನಾಳೆ ಯಾರಾದರೂ ಕೇಳಿದರೆ ಆ ಸಾಲಿಗೆ ಯಾವ ಅರ್ಥವನ್ನಾದರೂ ಹೊಂದಿಸಬಹುದು.

ಆಡಳಿತ ಮಂಡಳಿಯಲ್ಲಿರುವ ಅಕ್ಕಂದಿರಿಗೆ ಇಲ್ಲೊಂದು ಮಾತು. ಸಭೆ ಮುಗಿದ ಕೂಡಲೇ ಖಾಲಿ ಹಾಳೆಯ ಕೆಳಗೆ ಸಹಿ ಹಾಕಿ, "ಮುಂದ ಬರ್ಕೋತೀನ್ರಿ" ಎಂದದ್ದನ್ನು ನಂಬಿ ಮನೆಗೆ ಹೋಗಬೇಡಿ. ಠರಾವನ್ನು ಅಲ್ಲೇ ಬರೆಸಿ, ದೊಡ್ಡ ದನಿಯಲ್ಲಿ ಓದಿಸಿ, ಆಮೇಲೆ ಸಹಿ ಮಾಡಿ. ಓದಲು ಬಾರದ ಸದಸ್ಯೆಯೂ ಕೇಳಿಸಿಕೊಂಡು ತಪ್ಪು ಹಿಡಿಯಬಲ್ಲಳು. ಬರೆದದ್ದರ ಮಧ್ಯೆ ಖಾಲಿ ಸಾಲು ಬಿಟ್ಟಿದ್ದರೆ ಗೆರೆ ಎಳೆಸಿ. ಅಂಕಿ ತಿದ್ದಿದ್ದರೆ ಅದರ ಪಕ್ಕ ಅಧ್ಯಕ್ಷರ ಸಹಿ ಇರಲಿ. ಸಂಘದಲ್ಲಿ ಹಣದ ತಕರಾರು ಬಂದಾಗ ಮೊದಲು ತೆಗೆದು ನೋಡುವುದು ಈ ಪುಸ್ತಕವನ್ನೇ. ಅದರಲ್ಲಿ ಸಹಿ ಇದ್ದವರೇ ಉತ್ತರ ಹೇಳಬೇಕಾಗುತ್ತದೆ.

ದರದ ಠರಾವು: ಯಾವ ದಿನದಿಂದ?

2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಮಾರಾಟ ದರ ಲೀಟರಿಗೆ 4 ರೂಪಾಯಿ ಏರಿತು. ಆ ಹೆಚ್ಚಳ ಹಾಲು ಹಾಕುವವರಿಗೇ ಸೇರಬೇಕೆಂದು ಸರ್ಕಾರ ಹೇಳಿತು. ಹೀಗೆ ಮೇಲೆ ಏರಿದ ದರ ನಿಮ್ಮ ಕೈ ಮುಟ್ಟಬೇಕಾದರೆ ಮಹಾಮಂಡಳದಿಂದ ಒಕ್ಕೂಟಕ್ಕೆ, ಒಕ್ಕೂಟದಿಂದ ಸಂಘಕ್ಕೆ, ಸಂಘದಿಂದ ನಿಮಗೆ ಎಂದು ಮೆಟ್ಟಿಲು ಇಳಿಯಬೇಕು. ಕೊನೆಯ ಮೆಟ್ಟಿಲು ನಿಮ್ಮ ಊರಿನಲ್ಲೇ ಇದೆ.

ದರ ಬದಲಾದಾಗ ಒಕ್ಕೂಟದಿಂದ ಸಂಘಕ್ಕೆ ಸುತ್ತೋಲೆ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಎರಡು ದರ ಕಾಣುತ್ತೀರಿ. ಒಂದು, ಒಕ್ಕೂಟ ಸಂಘಕ್ಕೆ ಕೊಡುವ ದರ. ಇನ್ನೊಂದು, ಸಂಘ ಉತ್ಪಾದಕರಿಗೆ ಕೊಡಬೇಕಾದ ದರ. ಇವೆರಡರ ನಡುವಿನ ಅಂತರವೇ ಸಂಘದ ಮುಖ್ಯ ಆದಾಯ. ಸಂಬಳ, ಕರೆಂಟ್ ಬಿಲ್, ಪರೀಕ್ಷೆಯ ಖರ್ಚು ಎಲ್ಲ ಅದರಿಂದಲೇ ನಡೆಯಬೇಕು. ಆದ್ದರಿಂದ ದರದ ಠರಾವಿನಲ್ಲಿ ಸುತ್ತೋಲೆಯ ಸಂಖ್ಯೆ, ದಿನಾಂಕ, ಎರಡೂ ದರಗಳು, ಮತ್ತು ಯಾವ ತಾರೀಖಿನ ಬೆಳಗಿನ ಅಥವಾ ಸಂಜೆಯ ಸರದಿಯಿಂದ ಜಾರಿ ಎಂಬುದನ್ನು ಬರೆದಿರಬೇಕು.

ಸರದಿಯ ಮಾತು ಸಣ್ಣದೆನಿಸಬಹುದು. ಲೆಕ್ಕ ಮಾಡಿ ನೋಡಿ. ದಿನಕ್ಕೆ 300 ಲೀಟರ್ ಹಾಲು ಬರುವ ಒಂದು ಸಂಘವನ್ನು ಉದಾಹರಣೆಗೆಂದು ಇಟ್ಟುಕೊಳ್ಳೋಣ. ಒಕ್ಕೂಟ ತಿಂಗಳ 1ನೇ ತಾರೀಖಿನಿಂದ ಲೀಟರಿಗೆ 2 ರೂಪಾಯಿ ಏರಿಸಿತು. ಆಡಳಿತ ಮಂಡಳಿ ಸಭೆ ಸೇರಿದ್ದು 12ಕ್ಕೆ. ಠರಾವಿನಲ್ಲಿ "ಇಂದಿನಿಂದ ಹೊಸ ದರ" ಎಂದು ಬರೆದರು. ಹಾಗಾದರೆ 11 ದಿನ, ದಿನಕ್ಕೆ 300 ಲೀಟರ್, ಲೀಟರಿಗೆ 2 ರೂಪಾಯಿ, ಒಟ್ಟು 6,600 ರೂಪಾಯಿ ಹಾಲು ಹಾಕಿದವರಿಗೆ ಬರದೆ ಸಂಘದಲ್ಲೇ ಉಳಿಯಿತು. ಯಾರೂ ಕಿಸೆಗೆ ಹಾಕಿಕೊಂಡಿರಲಿಕ್ಕಿಲ್ಲ. ಆದರೂ ಅದು ನಿಮ್ಮ ಬಟವಾಡೆಯ ಹಣ. ಠರಾವು "ಸುತ್ತೋಲೆಯಲ್ಲಿ ಹೇಳಿದ ದಿನದಿಂದ" ಎಂದು ಬರೆದಿದ್ದರೆ ವ್ಯತ್ಯಾಸದ ಹಣವನ್ನು ಮುಂದಿನ ಬಟವಾಡೆಯಲ್ಲಿ ಸೇರಿಸಲೇಬೇಕಾಗುತ್ತಿತ್ತು. ದರ ಇಳಿದಾಗಲೂ ಇದೇ ನಿಯಮ. ಇಳಿದ ದರವನ್ನು ಸುತ್ತೋಲೆಯ ದಿನಕ್ಕಿಂತ ಮೊದಲಿನ ಹಾಲಿಗೆ ಹಚ್ಚಬಾರದು.

ಒಕ್ಕೂಟದ ದರವನ್ನು ಆಡಳಿತ ಮಂಡಳಿ ತಾನೇ ಗೊತ್ತುಮಾಡುವುದಿಲ್ಲ. ಬಂದ ದರವನ್ನು ದಾಖಲಿಸಿ ಜಾರಿ ಮಾಡುತ್ತದೆ. ಊರಿನಲ್ಲೇ ಮಾರುವ ಹಾಲಿನ ದರವನ್ನು ಮಾತ್ರ ಮಂಡಳಿ ಗೊತ್ತುಮಾಡುತ್ತದೆ. ಖರೀದಿ ದರ ಏರಿದಾಗ ಸ್ಥಳೀಯ ಮಾರಾಟದ ದರವನ್ನು ಹಾಗೇ ಬಿಟ್ಟರೆ ಸಂಘದ ಆದಾಯ ಸದ್ದಿಲ್ಲದೆ ಕುಗ್ಗುತ್ತದೆ. ಆದ್ದರಿಂದ ಈ ಎರಡು ದರಗಳನ್ನು ಒಂದೇ ಸಭೆಯಲ್ಲಿ ನೋಡುವುದು ಒಳ್ಳೆಯದು.

ರಾಜ್ಯ ಸರ್ಕಾರದ ಪ್ರೋತ್ಸಾಹಧನವನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಅದು 2013ರಲ್ಲಿ 4 ರೂಪಾಯಿ, 2016ರಲ್ಲಿ 5 ರೂಪಾಯಿ ಆಯಿತು. ಅದು ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುವ ಹಣ. ಅದನ್ನು ಏರಿಸಲು, ಇಳಿಸಲು ಅಥವಾ ಹಿಡಿದಿಡಲು ಸಂಘದ ಆಡಳಿತ ಮಂಡಳಿಗೆ ಅಧಿಕಾರವಿಲ್ಲ. ನೀವು ಹಾಕಿದ ಲೀಟರಿನ ಲೆಕ್ಕವನ್ನು ಸರಿಯಾಗಿ ಮೇಲಕ್ಕೆ ಕಳಿಸುವುದು ಮಾತ್ರ ಸಂಘದ ಕೆಲಸ.

ಬೋನಸ್ ಎಲ್ಲಿಂದ ಬರುತ್ತದೆ

ದಸರಾ, ದೀಪಾವಳಿ ಹೊತ್ತಿಗೆ ಬೋನಸ್ ಬಂದಾಗ ಸಂಘ ಉಡುಗೊರೆ ಕೊಟ್ಟಿತು ಎಂದು ಅನೇಕರು ತಿಳಿಯುತ್ತಾರೆ. ಅದು ಉಡುಗೊರೆಯಲ್ಲ. ವರ್ಷವಿಡೀ ನಿಮ್ಮ ಹಾಲಿನಿಂದ ಸಂಘದಲ್ಲಿ ಉಳಿದ ಹಣದ ಒಂದು ಭಾಗ ನಿಮಗೆ ಮರಳಿ ಬರುವುದು. ಅದಕ್ಕಾಗಿಯೇ ಎಲ್ಲರಿಗೂ ಸಮನಾಗಿ ಹಂಚದೆ, ಹಾಲು ಹಾಕಿದ ಪ್ರಮಾಣ ನೋಡಿ ಹಂಚುತ್ತಾರೆ.

ಮೇಲಿನ ಉದಾಹರಣೆ ಸಂಘದ ವರ್ಷದ ಲೆಕ್ಕವನ್ನೇ ಪೂರ್ತಿ ಮಾಡೋಣ. ಅಂಕಿಗಳು ತಿಳಿವಳಿಕೆಗಾಗಿ ಹಿಡಿದವು. ನಿಮ್ಮ ಸಂಘದವು ಬೇರೆ ಇರುತ್ತವೆ.

ದಿನಕ್ಕೆ 300 ಲೀಟರಿನಂತೆ ವರ್ಷಕ್ಕೆ 1,09,500 ಲೀಟರ್ ಹಾಲು ಬಂತು. ಅದರಲ್ಲಿ ದಿನಕ್ಕೆ 280 ಲೀಟರ್ ಒಕ್ಕೂಟಕ್ಕೆ ಹೋಯಿತು. ಅದರ ಮೇಲೆ ಲೀಟರಿಗೆ 1 ರೂಪಾಯಿ ಅಂತರ ಉಳಿದು 1,02,200 ರೂಪಾಯಿ ಆಯಿತು. ದಿನಕ್ಕೆ 20 ಲೀಟರ್ ಊರಿನಲ್ಲೇ ಮಾರಿ, ಲೀಟರಿಗೆ 8 ರೂಪಾಯಿ ಉಳಿದದ್ದರಿಂದ 58,400 ರೂಪಾಯಿ ಬಂತು. ಪಶು ಆಹಾರದ ಮಾರಾಟದಿಂದ 12,000 ರೂಪಾಯಿ. ಒಟ್ಟು ಆದಾಯ 1,72,600 ರೂಪಾಯಿ.

ಖರ್ಚಿನ ಕಡೆ, ಮುಖ್ಯ ಕಾರ್ಯನಿರ್ವಾಹಕರಿಗೆ ತಿಂಗಳಿಗೆ 5,000, ಹಾಲು ಪರೀಕ್ಷಕರಿಗೆ 3,000, ಅಂದರೆ ವರ್ಷಕ್ಕೆ 96,000 ರೂಪಾಯಿ ಸಂಬಳ. ಕರೆಂಟ್, ಯಂತ್ರದ ರಿಪೇರಿ, ಕಾಗದ ಪತ್ರ, ಬಾಡಿಗೆ ಎಲ್ಲ ಸೇರಿ 21,600. ಇವನ್ನು ಕಳೆದರೆ ನಿವ್ವಳ ಲಾಭ 55,000 ರೂಪಾಯಿ.

ಈ 55,000ವನ್ನೂ ಹಂಚುವಂತಿಲ್ಲ. ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ 57ನೇ ಕಲಮಿನಂತೆ ಲಾಭದ ಕನಿಷ್ಠ ಶೇ. 25 ಭಾಗ ಕಾಯ್ದಿಟ್ಟ ನಿಧಿಗೆ ಹೋಗಬೇಕು. ಸಹಕಾರ ಶಿಕ್ಷಣ ನಿಧಿಗೆ ಶೇ. 2ರವರೆಗೆ ತೆಗೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ 13,750 ಮತ್ತು 1,100 ಕಳೆದರೆ 40,150 ಉಳಿಯುತ್ತದೆ. ಇದರಲ್ಲಿ ಎಷ್ಟು ಭಾಗ ಉತ್ಪಾದಕರ ಬೋನಸ್, ಎಷ್ಟು ಷೇರಿನ ಲಾಭಾಂಶ, ಎಷ್ಟು ಕಟ್ಟಡ ನಿಧಿ, ಎಷ್ಟು ಸಿಬ್ಬಂದಿ ಬೋನಸ್ ಎಂಬುದನ್ನು ನಿಮ್ಮ ಸಂಘದ ಉಪವಿಧಿ ಹೇಳುತ್ತದೆ. ಉತ್ಪಾದಕರಿಗೆ ಶೇ. 60 ಎಂದು ಹಿಡಿದರೆ 24,090 ರೂಪಾಯಿ ಆಯಿತು. ಅದನ್ನು 1,09,500 ಲೀಟರಿಗೆ ಭಾಗಿಸಿದರೆ ಲೀಟರಿಗೆ 22 ಪೈಸೆ. ವರ್ಷಕ್ಕೆ 2,000 ಲೀಟರ್ ಹಾಕಿದ ಅಕ್ಕನಿಗೆ 440 ರೂಪಾಯಿ. ಕೆಲವು ಸಂಘಗಳಲ್ಲಿ ಲೀಟರಿನ ಬದಲು ಹಾಲಿನ ಮೊತ್ತದ ಮೇಲೆ ಹಂಚುತ್ತಾರೆ. ಯಾವ ರೀತಿ ಎಂದು ಠರಾವಿನಲ್ಲಿ ಬರೆದಿರಬೇಕು.

ಬೋನಸ್ ಹಂಚಿಕೆಯನ್ನು ಆಡಳಿತ ಮಂಡಳಿ ತನ್ನಷ್ಟಕ್ಕೆ ತಾನೇ ಅಂತಿಮ ಮಾಡುವಂತಿಲ್ಲ. ಮಾರ್ಚ್ ಕೊನೆಗೆ ವರ್ಷದ ಲೆಕ್ಕ ಮುಗಿದು, ಲೆಕ್ಕಪರಿಶೋಧನೆ ಆಗಿ, ವಾರ್ಷಿಕ ಸರ್ವಸದಸ್ಯರ ಸಭೆ ಒಪ್ಪಬೇಕು. ಆ ಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕು. ಆದ್ದರಿಂದ ಆಡಳಿತ ಮಂಡಳಿಯ ನಡವಳಿಯಲ್ಲಿ "ಸರ್ವಸದಸ್ಯರ ಸಭೆಗೆ ಶಿಫಾರಸು ಮಾಡಲು ಠರಾಯಿಸಲಾಯಿತು" ಎಂದಿರುವುದು ಸರಿ. ಲೆಕ್ಕಪರಿಶೋಧನೆಗೆ ಮೊದಲೇ "ಬೋನಸ್ ಹಂಚಲಾಯಿತು" ಎಂದಿದ್ದರೆ ಕೇಳಬೇಕು.

ಇನ್ನೊಂದು ಮಾತು ಹೆಣ್ಣುಮಕ್ಕಳಿಗೇ. ಹಾಲು ಹಿಂಡುವುದು, ಮೇವು ಹಾಕುವುದು ನೀವಾದರೂ, ಸಂಘದ ಪುಸ್ತಕದಲ್ಲಿ ಹಾಲು ಯಜಮಾನರ ಹೆಸರಿಗೆ ಬೀಳುತ್ತಿದ್ದರೆ ಬೋನಸ್, ಪ್ರೋತ್ಸಾಹಧನ ಅವರ ಹೆಸರಿಗೇ ಹೋಗುತ್ತವೆ. ಸಭೆಯಲ್ಲಿ ಕೈ ಎತ್ತುವ ಹಕ್ಕೂ ಅವರದೇ. ಮಹಿಳಾ ಸಂಘಗಳಲ್ಲಿ ಸದಸ್ಯರು ನೀವೇ. ಉಳಿದ ಸಂಘಗಳಲ್ಲಿ ನಿಮ್ಮ ಹೆಸರಿನಲ್ಲಿ ಸದಸ್ಯತ್ವವಿದೆಯೇ, ಹಾಲು ಯಾರ ಖಾತೆಗೆ ಬರೆಯುತ್ತಿದ್ದಾರೆ ಎಂದು ಈ ತಿಂಗಳೇ ನೋಡಿಕೊಳ್ಳಿ.

ಬೋನಸ್ ಜಾಸ್ತಿ ಬಂದರೆ ಖುಷಿಯೋ, ಸಂಶಯವೋ?

"ಬಾಜೂ ಊರಾಗ ಬೋನಸ್ ಡಬಲ್ ಕೊಟ್ಟಾರ" ಎಂಬ ಮಾತು ಕೇಳಿದರೆ ನಮ್ಮ ಸಂಘ ಸರಿಯಿಲ್ಲ ಎನಿಸುತ್ತದೆ. ಸ್ವಲ್ಪ ತಡೆಯಿರಿ. ಬೋನಸ್ ಎರಡು ದಾರಿಯಿಂದ ಹೆಚ್ಚಾಗುತ್ತದೆ. ಒಂದು, ಸ್ಥಳೀಯ ಮಾರಾಟ ಹೆಚ್ಚಿ, ಖರ್ಚು ತಗ್ಗಿ ನಿಜವಾಗಿ ಲಾಭ ಬಂದಿರುವುದು. ಇನ್ನೊಂದು, ನಿಮ್ಮ ಹಾಲಿನ ಜಿಡ್ಡನ್ನು ವರ್ಷವಿಡೀ ಕಡಿಮೆ ಬರೆದು, ಆ ಹಣವೇ ಲಾಭವಾಗಿ ಕಾಣಿಸಿಕೊಂಡಿರುವುದು.

ಎರಡನೆಯದನ್ನು ಲೆಕ್ಕ ಹಾಕೋಣ. ಜಿಡ್ಡು 0.1 ಹೆಚ್ಚು ಕಡಿಮೆಯಾದರೆ ಲೀಟರಿಗೆ 25 ಪೈಸೆ ವ್ಯತ್ಯಾಸ ಎಂದು ಉದಾಹರಣೆಗೆ ಹಿಡಿಯಿರಿ. ನಮ್ಮ ಸಂಘದಲ್ಲಿ ಯಂತ್ರ ಸರಿಯಿಲ್ಲದೆಯೋ, ಕೈ ಬಿಗಿ ಹಿಡಿದೋ ಎಲ್ಲರ ಹಾಲಿಗೂ 0.2 ಜಿಡ್ಡು ಕಡಿಮೆ ಬರೆದರು. ನಿಮಗೆ ಲೀಟರಿಗೆ 50 ಪೈಸೆ ಕಡಿಮೆ ಬಂತು. ಆದರೆ ಒಕ್ಕೂಟ ತಾನು ಪರೀಕ್ಷಿಸಿದ ನಿಜವಾದ ಜಿಡ್ಡಿಗೆ ಸಂಘಕ್ಕೆ ಹಣ ಕೊಟ್ಟಿತು. 1,09,500 ಲೀಟರಿಗೆ 54,750 ರೂಪಾಯಿ ಸಂಘದಲ್ಲಿ ಹೆಚ್ಚು ಉಳಿಯಿತು. ನಿವ್ವಳ ಲಾಭ 55,000ದಿಂದ 1,09,750ಕ್ಕೆ ಏರಿತು. ನಿಧಿಗಳನ್ನು ಕಳೆದು ಅದೇ ಶೇ. 60ರಂತೆ ಹಂಚಿದರೆ ಬೋನಸ್ ಲೀಟರಿಗೆ 22 ಪೈಸೆಯಿಂದ ಸುಮಾರು 44 ಪೈಸೆ ಆಗುತ್ತದೆ. ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ 2,000 ಲೀಟರ್ ಹಾಕಿದ ಅಕ್ಕ ವರ್ಷವಿಡೀ 1,000 ರೂಪಾಯಿ ಕಳೆದುಕೊಂಡು, ಕೊನೆಗೆ ಹೆಚ್ಚಿಗೆ ಪಡೆದದ್ದು ಸುಮಾರು 440 ರೂಪಾಯಿ.

ಬೋನಸನ್ನು ಲೀಟರ್ ಲೆಕ್ಕದಲ್ಲಿ ಹಂಚಿದರೆ, ಜಿಡ್ಡು ಹೆಚ್ಚಿರುವ ಎಮ್ಮೆ ಹಾಲು ಹಾಕಿದವರಿಗೂ ಜಿಡ್ಡು ಕಡಿಮೆ ಇರುವ ಹಾಲು ಹಾಕಿದವರಿಗೂ ಲೀಟರಿಗೆ ಒಂದೇ ಮೊತ್ತ. ಯಾರ ಹಾಲಿನ ಜಿಡ್ಡನ್ನು ಹೆಚ್ಚು ಕಡಿತ ಮಾಡಿದ್ದರೋ ಅವರ ಹಣ ಇನ್ನೊಬ್ಬರ ಪಾಲಿಗೆ ಹೋಗುತ್ತದೆ. ಹಾಗಾಗಿ ನಿಮಗೆ ಬರಬೇಕಾದದ್ದು ಬಟವಾಡೆಯಲ್ಲೇ ಬರುವುದು ಒಳ್ಳೆಯದು.

ಇದನ್ನು ಪತ್ತೆ ಹಚ್ಚಲು ಎರಡು ಅಂಕಿ ಸಾಕು. ತಿಂಗಳಲ್ಲಿ ಸದಸ್ಯರಿಂದ ಖರೀದಿಸಿದ ಹಾಲಿನ ಸರಾಸರಿ ಜಿಡ್ಡು ಎಷ್ಟು? ಅದೇ ತಿಂಗಳು ಒಕ್ಕೂಟದ ಬಿಲ್ಲಿನಲ್ಲಿ ಸಂಘದ ಹಾಲಿಗೆ ಬರೆದ ಸರಾಸರಿ ಜಿಡ್ಡು ಎಷ್ಟು? ಈ ಎರಡನ್ನೂ ಪ್ರತಿ ತಿಂಗಳ ಸಭೆಯ ನಡವಳಿಯಲ್ಲಿ ಒಂದು ಸಾಲಾಗಿ ಬರೆಸಿ. ಸಣ್ಣ ವ್ಯತ್ಯಾಸ ಸಹಜ. ಊರಿನಲ್ಲಿ ಎಮ್ಮೆ ಹಾಲನ್ನೇ ಆರಿಸಿ ಮಾರಿದ್ದರೆ ಒಕ್ಕೂಟಕ್ಕೆ ಹೋದ ಹಾಲಿನ ಜಿಡ್ಡು ಕಡಿಮೆ ಕಾಣುತ್ತದೆ. ಆದರೆ ಒಕ್ಕೂಟದ ಅಂಕಿ ತಿಂಗಳು ತಿಂಗಳೂ ಒಂದೇ ಕಡೆಗೆ ಹೆಚ್ಚಿದ್ದರೆ ಸಂಘದಲ್ಲಿ ಕಡಿಮೆ ಬರೆಯುತ್ತಿದ್ದಾರೆ ಎಂದು ಸಂಶಯ ಪಡಬೇಕು. ಒಕ್ಕೂಟದ ಅಂಕಿ ಸದಾ ಕಡಿಮೆ ಇದ್ದರೆ ಸಂಘ ನಷ್ಟದ ದಾರಿಯಲ್ಲಿದೆ. ಆಗ ಸಂಘದಲ್ಲಿ ಜಿಡ್ಡು ಹೆಚ್ಚು ಬರೆಯುತ್ತಿರಬಹುದು, ಇಲ್ಲವೇ ಮಾದರಿ ತೆಗೆಯುವುದರಲ್ಲಿ ತಪ್ಪಿರಬಹುದು.

ಅಳತೆಯಲ್ಲೂ ಹೀಗೆಯೇ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ತೂಕದ ಯಂತ್ರದಲ್ಲಿ ಕಿಲೋ ನೋಡಿ ಅದನ್ನೇ ಲೀಟರ್ ಎಂದು ಬರೆದರೆ ನೂರಕ್ಕೆ ಸುಮಾರು ಮೂರರ ವ್ಯತ್ಯಾಸ ಬೀಳುತ್ತದೆ. ನಿಮ್ಮ ಸಂಘದಲ್ಲಿ ಖರೀದಿ ಯಾವುದರಲ್ಲಿ, ರವಾನೆ ಯಾವುದರಲ್ಲಿ ಎಂದು ಕೇಳಿ ತಿಳಿದುಕೊಳ್ಳಿ.

ಸಿಬ್ಬಂದಿಯ ಠರಾವು: ಸಂಬಳ ಏರಿಸಿದರೆ ನಮಗೇನು ನಷ್ಟ?

ಸಂಘದ ಮುಖ್ಯ ಕಾರ್ಯನಿರ್ವಾಹಕರು, ಪರೀಕ್ಷಕರು, ಸಹಾಯಕರು ಸಂಘದ ನೌಕರರು. ಅವರನ್ನು ನೇಮಿಸುವುದೂ ಸಂಬಳ ಗೊತ್ತುಮಾಡುವುದೂ ನಿಮ್ಮ ಆಡಳಿತ ಮಂಡಳಿ. ಹೀಗಾಗಿ "ಸಂಬಳ ಹೆಚ್ಚಿಸಲು ಅರ್ಜಿ" ಎಂಬ ವಿಷಯ ನಡವಳಿಯಲ್ಲಿ ಆಗಾಗ ಬರುತ್ತದೆ. ಅದು ಬಂದ ಕೂಡಲೇ "ನಮ್ಮ ಬೋನಸ್ ಹೋತು" ಎಂದು ಗದ್ದಲವಾಗುತ್ತದೆ.

ಅದೂ ಎಷ್ಟೆಂದು ನೋಡೋಣ. ನಮ್ಮ ಉದಾಹರಣೆ ಸಂಘದಲ್ಲಿ ಪರೀಕ್ಷಕರ ಸಂಬಳ 3,000ದಿಂದ 4,000 ಮಾಡಿದರೆ ವರ್ಷಕ್ಕೆ 12,000 ರೂಪಾಯಿ ಖರ್ಚು ಹೆಚ್ಚುತ್ತದೆ. ಲಾಭ 43,000ಕ್ಕೆ ಇಳಿಯುತ್ತದೆ. ಶೇ. 27 ನಿಧಿಗಳಿಗೆ ಹೋಗಿ 31,390 ಉಳಿದು, ಅದರ ಶೇ. 60 ಅಂದರೆ 18,834 ರೂಪಾಯಿ ಬೋನಸ್. ಲೀಟರಿಗೆ ಸುಮಾರು 17 ಪೈಸೆ. 2,000 ಲೀಟರ್ ಹಾಕಿದ ಅಕ್ಕನಿಗೆ 440ರ ಬದಲು ಸುಮಾರು 344 ರೂಪಾಯಿ. ವರ್ಷಕ್ಕೆ 96 ರೂಪಾಯಿ ಕಡಿಮೆ.

ಈ 96 ರೂಪಾಯಿಯನ್ನು ಮೇಲಿನ 1,000 ರೂಪಾಯಿಯ ಪಕ್ಕ ಇಟ್ಟು ನೋಡಿ. ಪರೀಕ್ಷೆ ಸರಿಯಿಲ್ಲದಿದ್ದರೆ ಹೋಗುವುದು ಸಾವಿರ. ಸರಿಯಾಗಿ ಪರೀಕ್ಷಿಸುವವರಿಗೆ ಸಂಬಳ ಏರಿಸಿದರೆ ಹೋಗುವುದು ನೂರು. ಹಾಗೆಂದು ಕೇಳಿದಾಗಲೆಲ್ಲ ಏರಿಸಬೇಕೆಂದಲ್ಲ. ಹಾಲು ದಿನಕ್ಕೆ 300 ಲೀಟರಿನಿಂದ 150ಕ್ಕೆ ಇಳಿದಿದ್ದರೆ ಅದೇ ಸಂಬಳ ಹೊರೆಯಾಗುತ್ತದೆ. ಬೇಸಿಗೆಯಲ್ಲಿ ಎಮ್ಮೆಗಳು ಬತ್ತಿದಾಗ ಎರೆ ಭೂಮಿಯ ನಮ್ಮ ಹಳ್ಳಿಗಳಲ್ಲಿ ಹಾಲು ಹೇಗೆ ಇಳಿಯುತ್ತದೆ ಎಂದು ನಿಮಗೇ ಗೊತ್ತು. ಆದ್ದರಿಂದ ಸಂಬಳದ ಠರಾವನ್ನು ಒಂದು ತಿಂಗಳ ಹಾಲು ನೋಡಿ ಮಾಡದೆ, ಇಡೀ ವರ್ಷದ ಹಾಲು ನೋಡಿ ಮಾಡಬೇಕು.

ಏರಿಸುವುದಾದರೆ ಠರಾವಿನಲ್ಲಿ ಹೊಸ ಸಂಬಳ, ಜಾರಿಯ ದಿನಾಂಕದ ಜೊತೆಗೆ ಕೆಲಸವನ್ನೂ ಬರೆಸಿ. ಪ್ರತಿಯೊಬ್ಬರ ಹಾಲನ್ನು ಅವರ ಎದುರಿಗೇ ಕಲಕಿ ಮಾದರಿ ತೆಗೆಯಬೇಕು. ಎಮ್ಮೆ ಹಾಲು ನಿಂತರೆ ಕೆನೆ ಮೇಲಕ್ಕೆ ಬರುತ್ತದೆ. ಕಲಕದೆ ಮೇಲಿನಿಂದ ತೆಗೆದರೆ ಜಿಡ್ಡು ಹೆಚ್ಚು, ತಳದಿಂದ ತೆಗೆದರೆ ಕಡಿಮೆ ತೋರಿಸುತ್ತದೆ. ಪರೀಕ್ಷಾ ಯಂತ್ರವನ್ನು ದಿನವೂ ಸರದಿ ಮುಗಿದ ಮೇಲೆ ತೊಳೆಯಬೇಕು. ಯಂತ್ರ ಸರಿ ತೋರಿಸುತ್ತಿದೆಯೇ ಎಂದು ಆಗಾಗ ಗರ್ಬರ್ ಪರೀಕ್ಷೆಯೊಂದಿಗೆ ಹೋಲಿಸಿ ನೋಡಬೇಕು. ಇಷ್ಟನ್ನು ಬರೆದರೆ ಸಂಬಳದ ಠರಾವೇ ನಿಮ್ಮ ಹಾಲಿನ ದರಕ್ಕೆ ಕಾವಲಾಗುತ್ತದೆ.

ಹೊಸ ನೇಮಕವಿದ್ದರೆ ಹುದ್ದೆ, ಸಂಬಳ, ಭದ್ರತಾ ಠೇವಣಿ, ಎಷ್ಟು ಅರ್ಜಿ ಬಂದವು ಎಂಬುದೂ ನಡವಳಿಯಲ್ಲಿರಲಿ. ಆಡಳಿತ ಮಂಡಳಿಯ ಸದಸ್ಯೆಯೊಬ್ಬರ ಮಗನೋ ಸೊಸೆಯೋ ಅರ್ಜಿ ಹಾಕಿದ್ದರೆ, ಆ ವಿಷಯ ಬಂದಾಗ ಅವರು ಚರ್ಚೆಯಿಂದ ಹೊರಗಿದ್ದರು ಎಂದು ಬರೆಸುವುದು ಎಲ್ಲರಿಗೂ ಒಳ್ಳೆಯದು. ಸಿಬ್ಬಂದಿಗೆ ಹಬ್ಬದ ಬೋನಸ್ ಕೊಟ್ಟರೆ ಅದನ್ನು ಉತ್ಪಾದಕರ ಬೋನಸ್ ಜೊತೆ ಸೇರಿಸಿ ಒಂದೇ ಮೊತ್ತ ಬರೆಯಬಾರದು. ಅದಕ್ಕೆ ಬೇರೆ ಸಾಲು ಇರಲಿ.

ಪರೀಕ್ಷಕರ ಮೇಲೆ ದೂರು ಹೇಳುವ ಮೊದಲು

ಪಶುವೈದ್ಯನಾಗಿ ಒಂದು ಮಾತು ಹೇಳಲೇಬೇಕು. ಎಲ್ಲ ಕಡಿತವೂ ಸಂಘದಲ್ಲೇ ಆಗುವುದಿಲ್ಲ. ಹಿಂಡುವಾಗ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು. ಕೊನೆಯದನ್ನು ಕರುವಿಗೆ ಬಿಟ್ಟು ಮೊದಲಿನದನ್ನು ಡೇರಿಗೆ ತಂದರೆ ಜಿಡ್ಡು ಬೀಳುವುದು ಖಂಡಿತ. ಕರುವಿಗೆ ಒಂದು ಮೊಲೆಯನ್ನು ಪೂರ್ತಿ ಬಿಟ್ಟು ಉಳಿದವನ್ನು ಪೂರ್ತಿ ಹಿಂಡುವುದು ಮೇಲು. ಹಸಿ ಮೇವನ್ನೇ ಹಾಕಿ ಜೋಳದ ಕಣಕಿಯಂಥ ಒಣ ಮೇವು ಕಡಿಮೆ ಮಾಡಿದರೂ ಜಿಡ್ಡು ಇಳಿಯುತ್ತದೆ. ಕೆಚ್ಚಲು ಬಾವು ಹೊರಗೆ ಕಾಣದಂತೆ ಒಳಗೇ ಇದ್ದರೆ ಹಾಲಿನ ಜಿಡ್ಡೇತರ ಘನಾಂಶ, ಅಂದರೆ ಎಸ್‌ಎನ್‌ಎಫ್ ಇಳಿಯುತ್ತದೆ.

ವ್ಯತ್ಯಾಸ ತಿಳಿಯುವುದು ಸುಲಭ. ನಿಮ್ಮೊಬ್ಬರ ಹಾಲಿನ ಅಂಕಿ ಮಾತ್ರ ಬಿದ್ದಿದ್ದರೆ ಮೊದಲು ಕೊಟ್ಟಿಗೆ ನೋಡಿ, ನಮಗೆ ಹೇಳಿ. ಒಂದೇ ವಾರದಲ್ಲಿ ಬಹಳ ಜನರ ಅಂಕಿ ಒಟ್ಟಿಗೇ ಬಿದ್ದಿದ್ದರೆ ಯಂತ್ರವನ್ನು ನೋಡಬೇಕು. ಆಗ ನಾಲ್ಕು ಜನ ಸೇರಿ ಬರೆದ ಅರ್ಜಿ ಕೊಟ್ಟು, ಅದನ್ನು ಮುಂದಿನ ಸಭೆಯ ವಿಷಯ ಸೂಚಿಯಲ್ಲಿ ಸೇರಿಸಲು ಕೇಳಿ. ಬಾಯಿಮಾತಿನ ದೂರು ಡೇರಿ ಕಟ್ಟೆಯ ಮೇಲೇ ಉಳಿಯುತ್ತದೆ. ಅರ್ಜಿ ಕೊಟ್ಟರೆ ನಡವಳಿಯಲ್ಲಿ ಉತ್ತರ ಬರೆಯಲೇಬೇಕಾಗುತ್ತದೆ.

ಸರ್ವಸದಸ್ಯರ ಸಭೆಗೆ ಹೋಗುವ ಮುನ್ನ

ಸಂಘದೊಂದಿಗಿನ ನಿಮ್ಮ ವ್ಯವಹಾರದ ಲೆಕ್ಕ ನೋಡುವ ಹಕ್ಕು ಸದಸ್ಯರಾದ ನಿಮಗಿದೆ. ವರ್ಷದ ನಿಮ್ಮ ಒಟ್ಟು ಲೀಟರ್ ಮತ್ತು ಒಟ್ಟು ಬಟವಾಡೆ ಎಷ್ಟೆಂದು ಬರೆಸಿಕೊಂಡು, ನಿಮ್ಮ ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಿ. ಆಮೇಲೆ ಸಭೆಯಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ:

1. ಈ ವರ್ಷ ದರ ಬದಲಾದಾಗಲೆಲ್ಲ ಸುತ್ತೋಲೆಯ ದಿನದಿಂದಲೇ ನಮಗೆ ಹಣ ಬಂದಿದೆಯೇ?
2. ನಮ್ಮಿಂದ ಖರೀದಿಸಿದ ಹಾಲಿನ ಸರಾಸರಿ ಜಿಡ್ಡು ಎಷ್ಟು, ಒಕ್ಕೂಟ ಬರೆದದ್ದು ಎಷ್ಟು?
3. ನಿವ್ವಳ ಲಾಭದಲ್ಲಿ ಯಾವ ನಿಧಿಗೆ ಎಷ್ಟು ಹೋಯಿತು, ಬೋನಸ್ ಲೀಟರಿಗೆ ಎಷ್ಟು ಪೈಸೆ ಬಿತ್ತು?
4. ಸಂಬಳಕ್ಕೆ ಲೀಟರಿಗೆ ಎಷ್ಟು ಪೈಸೆ ಖರ್ಚಾಯಿತು, ಹೋದ ವರ್ಷ ಎಷ್ಟಿತ್ತು?

ನಮ್ಮ ಉದಾಹರಣೆ ಸಂಘದಲ್ಲಿ ನಾಲ್ಕನೆಯದಕ್ಕೆ ಉತ್ತರ 96,000 ರೂಪಾಯಿಯನ್ನು 1,09,500 ಲೀಟರಿಗೆ ಭಾಗಿಸಿದರೆ ಸಿಗುತ್ತದೆ, ಸುಮಾರು 88 ಪೈಸೆ. ಎಲ್ಲ ಖರ್ಚನ್ನೂ ಹೀಗೆ ಲೀಟರಿಗೆ ಇಳಿಸಿ ಕೇಳಿದರೆ ದೊಡ್ಡ ಅಂಕಿಗಳ ಗೊಂದಲ ಹೋಗುತ್ತದೆ. ನಿಮ್ಮ ಕ್ಯಾನಿನ ಒಂದು ಲೀಟರಿನಲ್ಲಿ ಎಷ್ಟು ಪೈಸೆ ಎಲ್ಲಿಗೆ ಹೋಯಿತು ಎಂಬುದು ನೇರವಾಗಿ ಕಾಣುತ್ತದೆ. ಕೇಳಿದ ಪ್ರಶ್ನೆಯನ್ನೂ ಬಂದ ಉತ್ತರವನ್ನೂ ಆ ಸಭೆಯ ನಡವಳಿಯಲ್ಲಿ ಬರೆಯಲು ಹೇಳಿ, ಓದಿಸಿ ಕೇಳಿದ ಮೇಲೆಯೇ ಎದ್ದು ಬನ್ನಿ.